ಫರ್ನಿಶ್ಡ್ ಫ್ಲ್ಯಾಟಿನ ಸಾಮಾನು ಪಟ್ಟಿಯಲ್ಲಿ ಬರೀ "ಗುಡ್" ಅಂತ ಇದ್ದರೆ ಸಹಿ ಹಾಕಬೇಡಿ

ಚಿಕ್ಕಮಗಳೂರಿನಲ್ಲಿ ಫರ್ನಿಶ್ಡ್ ಫ್ಲ್ಯಾಟ್ ಹುಡುಕುತ್ತಿದ್ದೀರಾ? ಅದರಲ್ಲೂ ಬೇಸಿಗೆಯಲ್ಲಿ ಕೀ ತಗೊಳ್ಳುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿಕೊಂಡೇ ಹೋಗಿ. ಮನೆ ಬಿಡುವಾಗ ನಮ್ಮ ಅಡ್ವಾನ್ಸಿನಲ್ಲಿ ಪೇಂಟಿಂಗ್ ಖರ್ಚು ಬಿಟ್ಟು 26,200 ರೂಪಾಯಿ ಹಿಡಿದುಕೊಳ್ಳುತ್ತೇನೆ ಅಂದರು ಓನರ್. ಬಾಡಿಗೆ ಒಂದು ತಿಂಗಳೂ ಬಾಕಿ ಇರಲಿಲ್ಲ. ಕರೆಂಟ್ ಬಿಲ್ ಕಟ್ಟಿ ಆಗಿತ್ತು. ಜಗಳ ಎಲ್ಲಾ ನಡೆದಿದ್ದು ಅಗ್ರಿಮೆಂಟಿನ ಹಿಂದೆ ಪಿನ್ ಹೊಡೆದಿದ್ದ ಒಂದು ಹಾಳೆಯ ಮೇಲೆ.

ಆ ಹಾಳೆ ಮನೆಯಲ್ಲಿರುವ ಸಾಮಾನಿನ ಪಟ್ಟಿ. ಎಡಗಡೆ ಸಾಮಾನಿನ ಹೆಸರು, ನಡುವೆ ಎಷ್ಟು ಅಂತ, ಬಲಗಡೆ "ಈಗಿನ ಸ್ಥಿತಿ". ವಾರ್ಡ್‌ರೋಬ್ ಎರಡು, ಗುಡ್. ಗೀಸರ್ ಒಂದು, ವರ್ಕಿಂಗ್. ಮೈಕ್ರೋವೇವ್ ಒಂದು, ವರ್ಕಿಂಗ್. ಹೀಗೆ ಮೇಲಿಂದ ಕೆಳಗಿನ ತನಕ ಗುಡ್, ವರ್ಕಿಂಗ್, ಗುಡ್, ವರ್ಕಿಂಗ್. ಓನರ್ ಮೇಡಂ ಇರುವುದು ಬೆಂಗಳೂರಿನಲ್ಲಿ. ಕೀ ಕೊಟ್ಟಿದ್ದು ಬ್ರೋಕರ್. "ಎಲ್ಲಾ ಸರಿ ಇದೆ ಸಾರ್, ಇದು ಸುಮ್ನೆ ಫಾರ್ಮಾಲಿಟಿ" ಅಂತ ಪೆನ್ನು ಕೈಗಿಟ್ಟರು. ಆ ಹಾಳೆ ನಮಗೋಸ್ಕರ ಟೈಪ್ ಮಾಡಿದ್ದೂ ಅಲ್ಲ. ನಮಗಿಂತ ಮುಂಚೆ ಇದ್ದವರ ಪಟ್ಟಿಗೇ ಹೊಸ ತಾರೀಕು ಹಾಕಿ ಪ್ರಿಂಟ್ ತೆಗೆದಿದ್ದರು. ಅದು ಗೊತ್ತಾಗಿದ್ದು ಮೈಕ್ರೋವೇವ್‌ನಿಂದ. ಪಟ್ಟಿಯಲ್ಲಿದ್ದ ಮೈಕ್ರೋವೇವ್ ಮನೆಯಲ್ಲಿ ಇರಲೇ ಇಲ್ಲ!

ಮಾರನೇ ದಿನ ನನ್ನ ಹೆಂಡತಿ ಅಡುಗೆಮನೆ ಫೋಟೋ ತೆಗೆದು, "ಪಟ್ಟಿಯಲ್ಲಿರೋ ಮೈಕ್ರೋವೇವ್ ಇಲ್ಲಿಲ್ಲ" ಅಂತ ಬ್ರೋಕರ್‌ಗೆ ವಾಟ್ಸಾಪ್ ಮಾಡಿದಳು. "ಸರಿ ಮೇಡಂ, ಓನರ್‌ಗೆ ಹೇಳ್ತೀನಿ" ಅಂತ ಉತ್ತರ ಬಂತು. ಆ ಒಂದು ಸಾಲಿನ ಉತ್ತರ ಕೊನೆಗೆ ನಮಗೆ 5,500 ರೂಪಾಯಿ ಉಳಿಸಿತು. ಮೈಕ್ರೋವೇವ್‌ಗೆ ಅಂತ ಅವರು ಕೇಳಿದ್ದು ಅಷ್ಟು. ಮೆಸೇಜ್ ತೋರಿಸಿದ ಮೇಲೆ ಮಾತಿಲ್ಲದೆ ಬಿಟ್ಟರು.

ದೊಡ್ಡ ತಕರಾರು ಬಂದಿದ್ದು ಮಲಗುವ ಕೋಣೆಯ ವಾರ್ಡ್‌ರೋಬ್‌ದು. ಅದಕ್ಕೆ 18,500 ಕೇಳಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮಲೆನಾಡಿನ ಕಡೆ ಇದು ಯಾರಿಗೆ ಬೇಕಾದರೂ ಆಗಬಹುದು.

ನಾವು ಮನೆಗೆ ಬಂದಿದ್ದು ಮೇ ತಿಂಗಳಲ್ಲಿ. ಗೋಡೆಗೆ ಹೊಸ ಬಣ್ಣ, ಕಿಟಕಿಯಿಂದ ಒಳ್ಳೆ ಬಿಸಿಲು. ವಾರ್ಡ್‌ರೋಬ್ ಪಶ್ಚಿಮದ ಗೋಡೆಗೆ ಅಂಟಿಕೊಂಡಂತೆ ಇತ್ತು. ನಮ್ಮಲ್ಲಿ ಮಳೆ ಹೊಡೆಯುವುದು ಹೆಚ್ಚಾಗಿ ಆ ಕಡೆಯಿಂದಲೇ ಅಲ್ವಾ? ಜುಲೈ ಹೊತ್ತಿಗೆ ಬಟ್ಟೆಗೆ ಮುಗ್ಗಲು ವಾಸನೆ ಶುರುವಾಯಿತು. ಆಗಸ್ಟ್‌ನಲ್ಲಿ ಕೆಳಗಿನ ಹಲಗೆ ಉಬ್ಬಿ ಬಾಗಿಲು ಉಜ್ಜುತ್ತಿತ್ತು. ಒಳಗೆ ಹಿಂದಿನ ಹಲಗೆಯ ಮೇಲೆ ಬೂದು ಬಣ್ಣದ ಬೂಷ್ಟು. ಓನರ್‌ಗೆ ಫೋನ್ ಮಾಡಿದರೆ, "ಬಾಗಿಲು ತೆಗೆದಿಡಿ, ಗಾಳಿ ಆಡಲಿ" ಅಂದರು. ಮನೆ ಬಿಡುವಾಗ ಅದೇ ಮೇಡಂ, "ನೀವು ನೆಲ ಒರೆಸುವಾಗ ನೀರು ಸುರಿದಿದ್ದೀರಿ, ಪಟ್ಟಿಯಲ್ಲಿ ಗುಡ್ ಅಂತ ಇದೆ, ನೀವೇ ಸಹಿ ಹಾಕಿದ್ದೀರಿ" ಅಂದರು.

ನಮಗೆ ಪರಿಚಯದ ಒಬ್ಬರು ಆಚಾರ್ರನ್ನು ಕರೆಸಿದೆವು. ಅವರು ವಾರ್ಡ್‌ರೋಬನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದರು. ಬ್ಯಾಟರಿ ಬಿಟ್ಟು ಹಿಂದೆ ನೋಡಿದರು. ಆಮೇಲೆ ನನ್ನನ್ನು ಕರೆದು ಮುಂದಿನ ಅಂಚನ್ನು ಉಗುರಲ್ಲಿ ಒತ್ತಲು ಹೇಳಿದರು. ಗಟ್ಟಿ ಇತ್ತು, ಲ್ಯಾಮಿನೇಟ್ ಎಲ್ಲೂ ಎದ್ದಿರಲಿಲ್ಲ. ಹಿಂದಿನ ಅಂಚು ಒತ್ತಿದರೆ ನೆನೆದ ರಸ್ಕಿನ ಹಾಗೆ ಪುಡಿ ಉದುರಿತು. "ನೆಲ ಒರೆಸಿದ ನೀರಾದ್ರೆ ಮುಂದಿನ ಅಂಚು ಮೊದಲು ಉಬ್ಬಬೇಕು ಸಾರ್. ಇದು ಹಿಂದಿನಿಂದ ಬಂದಿದೆ. ಗೋಡೆ ಕುಡಿದ ನೀರನ್ನ ಇದೂ ಕುಡಿದಿದೆ" ಅಂದರು. ಗೋಡೆಯಲ್ಲಿ ವಾರ್ಡ್‌ರೋಬ್ ಮುಚ್ಚಿದ್ದ ಜಾಗದಲ್ಲಿ ಹೊಸ ಬಣ್ಣವೇ ಬಳಿದಿರಲಿಲ್ಲ. ಹಳೇ ಬಣ್ಣ ಗುಳ್ಳೆ ಎದ್ದು, ಮೊಣಕಾಲೆತ್ತರದವರೆಗೆ ಬಿಳಿ ಉಪ್ಪು ಒಸರಿ, ಅದರ ಮೇಲೆ ಕಂದು ಗೆರೆಗಳು ಒಂದರ ಮೇಲೊಂದು ಇದ್ದವು. ಒಂದು ಮಳೆಗಾಲಕ್ಕೆ ಅಷ್ಟು ಗೆರೆ ಬೀಳುವುದಿಲ್ಲ. ಮುಂಚೆಯೂ ಇಲ್ಲಿ ನೀರು ಇಳಿದಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ವಾರ್ಡ್‌ರೋಬ್‌ಗಳೆಲ್ಲ ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನವು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಲ್ಯಾಮಿನೇಟ್ ಇರುವ ಕಡೆ ಪರವಾಗಿಲ್ಲ. ಕತ್ತರಿಸಿದ ಅಂಚು ಬರಿದಾಗಿದ್ದರೆ ಅಲ್ಲಿಂದ ತೇವ ಹೀರುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಅಂದರೆ ಹಿಂದಿನ ವರ್ಷದ ಉಬ್ಬು ಬೇಸಿಗೆಯಲ್ಲೂ ಕೈಗೆ ಸಿಗುತ್ತದೆ. ಹಿಂದಿನ ಅಂಚಿನ ಮೇಲೆ ಬೆರಳು ಆಡಿಸಿದರೆ ಸಾಕು. ಬಾಗಿಲು ತೆಗೆದು ತಲೆ ಒಳಗಿಟ್ಟು ಒಮ್ಮೆ ಮೂಸಿ ನೋಡಿ. ಬ್ರೋಕರ್ ನಕ್ಕರೆ ನಗಲಿ.

ಆಚಾರ್ರು ಹೇಳಿದ್ದನ್ನು ವಿಡಿಯೋ ಮಾಡಿ ಕಳಿಸಿದ ಮೇಲೆ 18,500 ಇದ್ದದ್ದು 8,000ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ನ್ಯಾಯವಾಗಿ ಸೊನ್ನೆ ಆಗಬೇಕಿತ್ತು ಅನ್ನುವುದೇ ನನ್ನ ಲೆಕ್ಕ. ಆದರೆ ಅಡ್ವಾನ್ಸ್ ಅವರ ಕೈಯಲ್ಲಿ, ಹೊಸ ಮನೆಗೆ ಕೊಡಬೇಕಾದ ದುಡ್ಡು ನಮ್ಮ ತಲೆಯ ಮೇಲೆ.

ಕಾನೂನಿನ ಪ್ರಕಾರವೂ ಎಲ್ಲಾ ಆ ಸ್ಥಿತಿಯ ಕಾಲಮ್ಮಿನ ಮೇಲೇ ಬಂದು ನಿಲ್ಲುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದರೆ, ಬಾಡಿಗೆದಾರ ತಾನು ವಹಿಸಿಕೊಂಡಾಗ ಮನೆ ಹೇಗಿತ್ತೋ ಹಾಗೆ ವಾಪಸ್ ಕೊಡಬೇಕು. ಸಾಮಾನ್ಯ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಹೇಳುವುದಕ್ಕೆ ಚೆನ್ನಾಗಿದೆ. ಆದರೆ ವಹಿಸಿಕೊಂಡಾಗ ಹೇಗಿತ್ತು ಅನ್ನುವುದನ್ನು ಎಲ್ಲಿ ನೋಡುವುದು? ಅದೇ ಹಾಳೆಯಲ್ಲಿ. ಅಲ್ಲಿ "ಗುಡ್" ಅಂತಿದ್ದರೆ ಹಳೇ ವಾರ್ಡ್‌ರೋಬೂ ಹೊಸದರ ಲೆಕ್ಕವೇ.

ಇನ್ನು ಗೀಸರ್. 2,200 ಕೇಳಿದರು, ಪೂರ್ತಿ ಕೊಟ್ಟೆವು. ನಮ್ಮ ಹತ್ತಿರ ಏನೂ ಆಧಾರ ಇರಲಿಲ್ಲ. ಕೀ ಕೊಟ್ಟ ದಿನ ಬ್ರೋಕರ್ ಸ್ವಿಚ್ ಹಾಕಿದರು, ಕೆಂಪು ಲೈಟ್ ಉರಿಯಿತು, "ನೋಡಿ, ವರ್ಕಿಂಗ್" ಅಂದರು. ಲೈಟ್ ಉರಿದರೆ ಗೀಸರ್‌ಗೆ ಕರೆಂಟ್ ಬಂದಿದೆ ಅಂತ ಅಷ್ಟೇ ಅರ್ಥ. ಕಾಯಿಲ್ ಹೋಗಿದ್ದರೂ ಎಷ್ಟೋ ಗೀಸರ್‌ಗಳಲ್ಲಿ ಲೈಟ್ ಉರಿಯುತ್ತದೆ. ಆ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು. ಗಡಸು ನೀರು ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ. ಪೊರೆ ದಪ್ಪ ಆದಂತೆ ಕಾಯಿಲ್‌ನ ಶಾಖ ನೀರಿಗೆ ಸರಿಯಾಗಿ ಇಳಿಯದೆ, ಕಾಯಿಲ್ ತಾನೇ ವಿಪರೀತ ಕಾದು ಒಂದು ದಿನ ಸುಟ್ಟುಹೋಗುತ್ತದೆ. ನಮ್ಮದು ಚಳಿಗಾಲದಲ್ಲಿ ಹೋಯಿತು. ಬಿಚ್ಚಿದ ಮೆಕ್ಯಾನಿಕ್, "ಇದು ಒಂದು ವರ್ಷದ ಪೊರೆ ಅಲ್ಲ ಸಾರ್" ಅಂದ. ಅವನ ಬಾಯಿಮಾತು ಬಿಟ್ಟರೆ ತೋರಿಸುವುದಕ್ಕೆ ಏನೂ ಇಲ್ಲ.

ಈಗಿನ ಮನೆಯಲ್ಲಿ ಕೀ ತಗೊಳ್ಳುವಾಗ ಮೊದಲು ಗೀಸರ್ ಹಾಕಿಬಿಟ್ಟು, ಅದು ಕಾಯುವಷ್ಟು ಹೊತ್ತು ಉಳಿದ ಸಾಮಾನು ನೋಡಿದೆವು. 15 ಲೀಟರಿನ, 2,000 ವ್ಯಾಟಿನ ಗೀಸರ್ ಚೆನ್ನಾಗಿದ್ದರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಸ್ನಾನಕ್ಕೆ ಸಾಕಾಗುವಷ್ಟು ಬಿಸಿ ನೀರು ಕೊಡಬೇಕು. ಕಾಯುವಾಗ ಒಳಗೆ ಚಟಪಟ ಸದ್ದು ಜೋರಾಗಿದ್ದರೆ, ಬಕೆಟ್ ತಳದಲ್ಲಿ ಬಿಳಿ ಚೂರು ಕೂತರೆ, ಪೊರೆ ಕಟ್ಟಿದೆ ಅಂತ ತಿಳಿಯಿರಿ. ಗೀಸರ್ ಬೇಡ ಅನ್ನಬೇಕಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಸಿದರೆ ಆಯಿತು. ನಾವು ಈ ಸಲ ಬರೆಸಿದ್ದು ಹೀಗೆ:

"ಗೀಸರ್, 15 ಲೀಟರ್, ಸೀರಿಯಲ್ ನಂಬರ್ ಸಹಿತ. 20 ನಿಮಿಷಕ್ಕೆ ಬಿಸಿ ನೀರು ಬಂತು. ಕಾಯುವಾಗ ಸದ್ದು ಇದೆ, ಬಿಳಿ ಚೂರು ಬರುತ್ತದೆ. ಕಾಯಿಲ್ ಹೋದರೆ ಖರ್ಚು ಓನರ್‌ದು."

"ವಾರ್ಡ್‌ರೋಬ್, ಪಾರ್ಟಿಕಲ್ ಬೋರ್ಡ್. ಎಡಗಡೆ ಬಾಗಿಲ ಕೆಳಗಿನ ಹಿಂಜ್ ಸಡಿಲ. ಹಿಂದಿನ ಅಂಚು ಎರಡು ಇಂಚು ಉದ್ದ ಉಬ್ಬಿದೆ. ಹಿಂದಿನ ಗೋಡೆಯಲ್ಲಿ ತೇವದ ಗುರುತು ಇದೆ."

ಇಷ್ಟು ಬರೆಸುವುದಕ್ಕೆ ಓನರ್ ಮೊದಲು ಮುಖ ಸಿಂಡರಿಸಿದರು. ನಾಳೆ ನಿಮಗೂ ನಮಗೂ ಮಾತು ಬರೋದು ಬೇಡ ಅಂದಾಗ ಒಪ್ಪಿದರು. ಸೀರಿಯಲ್ ನಂಬರ್ ಯಾಕೆ ಅಂದರೆ, ಮನೆ ಬಿಡುವಾಗ "ನಮ್ಮದು ಇದಲ್ಲ, ಹೊಸದಿತ್ತು" ಅನ್ನುವ ಮಾತಿಗೆ ಜಾಗವೇ ಇರುವುದಿಲ್ಲ. ಫ್ರಿಜ್, ವಾಷಿಂಗ್ ಮೆಷಿನ್, ಟಿವಿಗೂ ಅಷ್ಟೇ. ಸ್ಟಿಕ್ಕರ್‌ದು ಒಂದೊಂದು ಫೋಟೋ ಹೊಡೆದುಕೊಂಡರೆ ಮುಗಿಯಿತು. ಮೆಸ್ಕಾಂ ಮೀಟರಿನ ರೀಡಿಂಗ್ ಕೂಡ ಅದೇ ಹಾಳೆಯಲ್ಲಿ ಇರಲಿ.

ಕೆಲವು ಸಾಮಾನು ಕೀ ಕೊಡುವ ಗಡಿಬಿಡಿಯಲ್ಲಿ ನೋಡುವುದಕ್ಕೆ ಆಗುವುದೇ ಇಲ್ಲ. ಫ್ರಿಜ್ ಐಸ್ ಕಟ್ಟುತ್ತದೋ ಇಲ್ಲವೋ ಅಂತ ಗೊತ್ತಾಗಲು ಒಂದು ರಾತ್ರಿ ಬೇಕು. ಇನ್ವರ್ಟರ್ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ಅಂತ ಮೇನ್ ಸ್ವಿಚ್ ಆಫ್ ಮಾಡಿ, ಎರಡು ಫ್ಯಾನು, ನಾಲ್ಕು ಲೈಟ್ ಹಾಕಿ ಕೂರಬೇಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ನೋಡಿಕೊಳ್ಳೋಣ ಅಂದರೆ ತಡವಾಗುತ್ತದೆ. ಹಾಗಾಗಿ ಪಟ್ಟಿಯ ಕೆಳಗೆ ಒಂದು ಸಾಲು ಬರೆಸಿ: "ಏಳು ದಿನದೊಳಗೆ ವಾಟ್ಸಾಪ್‌ನಲ್ಲಿ ತಿಳಿಸಿದ ದೋಷಗಳೂ ಈ ಪಟ್ಟಿಯ ಭಾಗ." ಗೋಡೆಯ ತೇವಕ್ಕೆ ಏಳು ದಿನ ಸಾಲುವುದಿಲ್ಲ. "ಮೊದಲ ಮಳೆಗಾಲದಲ್ಲಿ ಗೋಡೆಯಿಂದ ತೇವ ಬಂದು ಫರ್ನಿಚರ್ ಹಾಳಾದರೆ ಬಾಡಿಗೆದಾರರು ಹೊಣೆಯಲ್ಲ" ಅಂತ ಬೇರೆಯಾಗಿಯೇ ಇರಬೇಕು. ಇದಕ್ಕೆ ಒಪ್ಪದ ಓನರ್‌ಗೆ ಆ ಗೋಡೆಯ ವಿಷಯ ಗೊತ್ತಿದೆ ಅಂತಲೇ ನಾನು ಅಂದುಕೊಳ್ಳುತ್ತೇನೆ.

ಪ್ರತಿ ಹಾಳೆಗೂ ಇಬ್ಬರ ಸಹಿ, ತಾರೀಕು ಬೇಕು. ಬ್ರೋಕರ್ ಸಹಿ ಓನರ್ ಸಹಿ ಆಗುವುದಿಲ್ಲ. ಓನರ್ ದೂರದಲ್ಲಿದ್ದರೆ ಸಹಿಯಾದ ಹಾಳೆಯ ಫೋಟೋ ಅವರ ನಂಬರಿಗೆ ಕಳಿಸಿ, "ಒಪ್ಪಿಗೆ" ಅಂತ ಅವರಿಂದಲೇ ಬರೆಸಿಕೊಳ್ಳಿ. ಮನೆ ಬಿಡುವ ದಿನ ಅದೇ ಹಾಳೆ ಹಿಡಿದು ಇಬ್ಬರೂ ಕೋಣೆ ಕೋಣೆ ನೋಡಬೇಕು, ಪಕ್ಕದಲ್ಲಿ ಆವತ್ತಿನ ಸ್ಥಿತಿ ಬರೆಯಬೇಕು, ಕಡಿತ ಇದ್ದರೆ ಎಷ್ಟು ಅಂತ ಅಲ್ಲೇ ಬರೆದು ಸಹಿ ಹಾಕಬೇಕು. ನಮ್ಮ ಓನರ್ "ಕೀ ವಾಚ್‌ಮನ್ ಕೈಲಿ ಕೊಟ್ಟುಹೋಗಿ, ಆಮೇಲೆ ನೋಡಿ ಹೇಳ್ತೀನಿ" ಅಂದಿದ್ದರು. ಆಚಾರ್ರನ್ನು ಕರೆಸಿ ವಾರ್ಡ್‌ರೋಬ್ ಎಳೆಸಿ ನೋಡಲು ಆಗಿದ್ದು, ಇನ್ನೂ ಕೀ ನಮ್ಮ ಹತ್ತಿರ ಇತ್ತು ಅನ್ನುವ ಕಾರಣಕ್ಕೆ.