ವೇಟಿಂಗ್ ಟಿಕೆಟ್‌ನ ಫೋಟೊ ಓದಿ ಭವಿಷ್ಯ ಹೇಳುವ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಯಾರು ರೈಲಿಗೆ ಬುಕ್ ಮಾಡಿದರೂ ಟಿಕೆಟ್‌ನ ಫೋಟೊ ನನಗೆ ಬರುತ್ತದೆ. ಜೊತೆಗೆ ಒಂದೇ ಪ್ರಶ್ನೆ: "ಇದು ಆಗುತ್ತಾ?" ಮೊದಲು ಫೋಟೊ ನೋಡಿ ಪಿಎನ್‌ಆರ್‌ನ 10 ಅಂಕಿ ಕೈಯಿಂದ ಟೈಪ್ ಮಾಡುತ್ತಿದ್ದೆ. ಎರಡು ವರ್ಷದಿಂದ ಫೋಟೊ ಹಾಕಿದರೆ ತಾನೇ ಓದಿ, ಕನ್ಫರ್ಮ್ ಆಗುವ ಸಾಧ್ಯತೆ ಶೇಕಡಾ ಇಷ್ಟು ಎಂದು ತೋರಿಸುವ ಆ್ಯಪ್ ಬಳಸುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಈ ಥರದ ಆ್ಯಪ್‌ಗಳನ್ನು ಬೇರೆಯವರ ಫೋನ್‌ನಲ್ಲೂ ನೋಡಿದ್ದೇನೆ, ನಾನು ಹೇಳುವುದರಲ್ಲಿ ಹೆಚ್ಚಿನದು ಅವಕ್ಕೂ ಹೊಂದುತ್ತದೆ.

ಮೊದಲು ಓದುವ ಕೆಲಸದ ಬಗ್ಗೆ. ಆನ್‌ಲೈನ್ ಟಿಕೆಟ್‌ನ ಸ್ಕ್ರೀನ್‌ಶಾಟ್ ಹಾಕಿದರೆ ತಪ್ಪೇ ಆಗುವುದಿಲ್ಲ. ತೊಂದರೆ ಕೌಂಟರ್ ಟಿಕೆಟ್‌ನದು. ಅಲ್ಲಿ ಮೊದಲೇ ಬಣ್ಣದ ವಿನ್ಯಾಸ ಅಚ್ಚಾಗಿರುವ ಕಾಗದದ ಮೇಲೆ ಚುಕ್ಕಿ ಚುಕ್ಕಿ ಅಕ್ಷರಗಳನ್ನು ಪ್ರಿಂಟ್ ಮಾಡುತ್ತಾರೆ. ರಿಬ್ಬನ್ ಸವೆದಿದ್ದರೆ 8 ಮತ್ತು 3 ಒಂದೇ ಥರ ಕಾಣುತ್ತವೆ. ಜೇಬಿನಲ್ಲಿಟ್ಟು ಮಡಚಿದ ಟಿಕೆಟ್ ಆದರೆ ಮಡಿಕೆ ಸರಿಯಾಗಿ ಯಾವುದಾದರೂ ಅಂಕಿಯ ಮೇಲೇ ಬಿದ್ದಿರುತ್ತದೆ.

ಒಂದು ಸಲ ನಮ್ಮ ಚಿಕ್ಕಪ್ಪನ ಟಿಕೆಟ್‌ನಲ್ಲಿ ಹೀಗೇ ಆಯಿತು. ಆ್ಯಪ್ ಒಂದು 8 ಅನ್ನು 3 ಎಂದು ಓದಿತು. ಬಂದ ಉತ್ತರದಲ್ಲಿ "ಕನ್ಫರ್ಮ್" ಎಂದಿತ್ತು. ಚಿಕ್ಕಪ್ಪನಿಗೆ ಹೇಳಿಬಿಡಬೇಕು ಎನ್ನುವಷ್ಟರಲ್ಲಿ ನೋಡಿದೆ, ಪ್ರಯಾಣಿಕರ ಸಂಖ್ಯೆ 4 ಎಂದಿತ್ತು. ನಮ್ಮವರು ಇಬ್ಬರೇ. ಅದು ಯಾರದೋ ಬೇರೆ ಟಿಕೆಟ್. ಅವತ್ತಿನಿಂದ ನನ್ನದೊಂದು ಅಭ್ಯಾಸವಿದೆ. ಉತ್ತರ ಬಂದ ಕೂಡಲೇ ಶೇಕಡಾ ನೋಡುವುದಿಲ್ಲ. ಗಾಡಿ ನಂಬರ್, ತಾರೀಕು, ಎಷ್ಟು ಜನ, ಈ ಮೂರನ್ನು ಫೋಟೊ ಜೊತೆ ಹೋಲಿಸುತ್ತೇನೆ. ಮೂರೂ ಹೊಂದಿದರೆ ಮಾತ್ರ ಮುಂದಕ್ಕೆ. ಹತ್ತು ಸೆಕೆಂಡಿನ ಕೆಲಸ.

ಇನ್ನೊಂದು ಮಾತು. ಫೋಟೊದಲ್ಲಿರುವ ವೇಟಿಂಗ್ ನಂಬರ್ ಆ ಟಿಕೆಟ್ ಕೊಂಡ ದಿನದ್ದು. ಅದು ಕಾಗದದ ಮೇಲೆ ಬದಲಾಗುವುದಿಲ್ಲ, ಅಲ್ವಾ? ಈಗಿನ ಸ್ಥಿತಿ ಪಿಎನ್‌ಆರ್ ಹಾಕಿದಾಗಲೇ ಗೊತ್ತಾಗುವುದು. ಹಾಗಾಗಿ ಫೋಟೊದಿಂದ ನಿಜವಾಗಿ ಬೇಕಾಗಿರುವುದು ಎರಡೇ: ಪಿಎನ್‌ಆರ್ ಮತ್ತು ಯಾವ ಥರದ ವೇಟಿಂಗ್ ಎಂದು ಹೇಳುವ ನಾಲ್ಕು ಅಕ್ಷರ. ಎರಡನೆಯದನ್ನು ನಮ್ಮವರು ಗಮನಿಸುವುದೇ ಇಲ್ಲ. ನನ್ನ ಅನುಭವದಲ್ಲಿ ಟಿಕೆಟ್‌ನ ಹಣೆಬರಹ ಇರುವುದು ಆ ನಾಲ್ಕು ಅಕ್ಷರಗಳಲ್ಲೇ.

GNWL ಎಂದರೆ ಸಾಮಾನ್ಯ ವೇಟಿಂಗ್. ಹೆಚ್ಚಾಗಿ ಗಾಡಿ ಹೊರಡುವ ಊರಿನಿಂದ, ಅಥವಾ ಅದರ ಹತ್ತಿರದ ಸ್ಟೇಷನ್‌ನಿಂದ, ದೂರ ಹೋಗುವವರಿಗೆ ಇದು ಸಿಗುತ್ತದೆ. ಸೀಟುಗಳ ದೊಡ್ಡ ಪಾಲು ಈ ಕೋಟಾದಲ್ಲಿರುತ್ತದೆ, ಆದ್ದರಿಂದ ಕ್ಯಾನ್ಸಲ್ ಆಗುವುದೂ ಇಲ್ಲೇ ಜಾಸ್ತಿ. PQWL ಎಂದರೆ ಮಧ್ಯದ ಹಲವು ಸಣ್ಣ ಸ್ಟೇಷನ್‌ಗಳು ಸೇರಿ ಹಂಚಿಕೊಳ್ಳುವ ಚಿಕ್ಕ ಕೋಟಾ. RLWL ಕೂಡ ದಾರಿಯ ನಡುವಿನ ಊರುಗಳದ್ದು, ಅದಕ್ಕೂ ಅದರದೇ ಸೀಮಿತ ಸೀಟುಗಳು. ಈ ಎರಡರಲ್ಲಿ ಮುಂದೆ ಸರಿಯಬೇಕಾದರೆ ಅದೇ ಚಿಕ್ಕ ಕೋಟಾದಲ್ಲಿ ಯಾರಾದರೂ ಕ್ಯಾನ್ಸಲ್ ಮಾಡಬೇಕು. ತತ್ಕಾಲ್‌ನ TQWL ಬೇರೆ. ಅದಕ್ಕೆ ಆರ್‌ಎಸಿ ಮೆಟ್ಟಿಲು ಇಲ್ಲ, ಸಿಕ್ಕರೆ ನೇರ ಬರ್ತ್, ಇಲ್ಲದಿದ್ದರೆ ಇಲ್ಲ. ಹೀಗಾಗಿ GNWL 40 ಆಗಿ, PQWL 9 ಆಗದೇ ಉಳಿಯುವುದು ಸಾಮಾನ್ಯ. ನಂಬರ್ ಮಾತ್ರ ನೋಡಿದವರಿಗೆ ಇದು ಅನ್ಯಾಯ ಅನಿಸುತ್ತದೆ.

ಎರಡು ಟಿಕೆಟ್‌ಗಳ ಕಥೆ ಹೇಳುತ್ತೇನೆ.

ಮೊದಲನೆಯದು ಚಿಕ್ಕಪ್ಪ, ಚಿಕ್ಕಮ್ಮನದು. ಬೆಂಗಳೂರಿನಿಂದ ಬೆಳಗಾವಿಗೆ ರಾತ್ರಿ ಗಾಡಿ, ಸ್ಲೀಪರ್, ಫೆಬ್ರವರಿಯ ಒಂದು ಬುಧವಾರ. ಹಬ್ಬವಿಲ್ಲ, ರಜೆಯಿಲ್ಲ. ಹೊರಡಲು ಇನ್ನೂ 35 ದಿನ ಇರುವಾಗ ಬುಕ್ ಮಾಡಿದ್ದರು. ಆ ದಿನ ತೆರೆಯ ಮೇಲೆ ಇದ್ದದ್ದು GNWL64/WL41. ಚಿಕ್ಕಮ್ಮ 64 ಅನ್ನೇ ನೋಡಿ ಗಾಬರಿಯಾಗಿದ್ದರು. ಆದರೆ 64 ಎನ್ನುವುದು ಸಾಲಿಗೆ ಸೇರುವಾಗ ಸಿಗುವ ಟೋಕನ್ ನಂಬರ್ ಇದ್ದಂತೆ. ನಿಜವಾಗಿ ನಿಂತಿರುವ ಜಾಗ 41. ಅಂದರೆ ಇವರು ಬುಕ್ ಮಾಡುವ ಮೊದಲೇ ಆ ಸಾಲು 23 ಹೆಜ್ಜೆ ಮುಂದೆ ಸರಿದಿತ್ತು. ಇದು ಒಳ್ಳೆಯ ಲಕ್ಷಣ. ಎರಡು ಅಂಕಿಗಳ ನಡುವಿನ ಅಂತರ ಆ ಗಾಡಿಯಲ್ಲಿ ಜನ ಕ್ಯಾನ್ಸಲ್ ಮಾಡುತ್ತಿದ್ದಾರೆ ಎಂದು ಹೇಳುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ, ಸಾಲು ಇನ್ನೂ ಅಲುಗಾಡಿಲ್ಲ ಎಂದರ್ಥ.

ಆಮೇಲೆ ಬೋಗಿಗಳ ಲೆಕ್ಕ. ಆ ಗಾಡಿಯಲ್ಲಿ 8 ಸ್ಲೀಪರ್ ಬೋಗಿ ಇದ್ದವು. ಹೊಸ ಎಲ್‌ಎಚ್‌ಬಿ ಬೋಗಿಗೆ 80 ಬರ್ತ್, ಹಳೆಯದಕ್ಕೆ 72. ಎಲ್‌ಎಚ್‌ಬಿ ಆದ್ದರಿಂದ ಒಟ್ಟು 640. ತತ್ಕಾಲ್, ಮಹಿಳೆಯರು, ಹಿರಿಯರು ಇತ್ಯಾದಿ ಕೋಟಾಗಳನ್ನು ಕಳೆದರೂ ನೂರಾರು ಉಳಿಯುತ್ತವೆ. ನೂರಾರು ಜನರಲ್ಲಿ 41 ಮಂದಿ ಒಂದು ತಿಂಗಳಲ್ಲಿ ಮನಸ್ಸು ಬದಲಿಸುವುದು ದೊಡ್ಡ ವಿಷಯವಲ್ಲ. ಇದೇ 41 ಅನ್ನು ಸೆಕೆಂಡ್ ಎಸಿಗೆ ಹಾಕಿ ನೋಡಿ. ಒಂದೇ ಬೋಗಿ, ಐವತ್ತರ ಆಸುಪಾಸು ಬರ್ತ್. ಆಗ ಬಹುತೇಕ ಇಡೀ ಬೋಗಿಯೇ ಖಾಲಿಯಾಗಬೇಕು. ಯಾರಾದರೂ ನಂಬರ್ ಮಾತ್ರ ಹೇಳಿ ಆಗುತ್ತಾ ಎಂದು ಕೇಳಿದರೆ ನಾನು ಮೊದಲು ಕೇಳುವುದು, ಯಾವ ಕ್ಲಾಸ್, ಎಷ್ಟು ಬೋಗಿ ಎಂದು.

ಆ ಟಿಕೆಟ್ ನಡೆದ ದಾರಿ ಹೀಗಿತ್ತು. 20 ದಿನ ಇರುವಾಗ 33. 10 ದಿನ ಇರುವಾಗ 24. ಮೂರು ದಿನ ಇರುವಾಗ 13. ಹಿಂದಿನ ದಿನ 6. ಹೊರಡುವ ದಿನ ಬೆಳಿಗ್ಗೆ ಆರ್‌ಎಸಿ. ಮಧ್ಯಾಹ್ನದ ಹೊತ್ತಿಗೆ ಚಾರ್ಟ್ ಆಯಿತು, ಇಬ್ಬರಿಗೂ ಬರ್ತ್ ಸಿಕ್ಕಿತು. ಗಮನಿಸಿ, ಕೊನೆಯ ಮೂರು ದಿನದಲ್ಲಿ ವೇಗ ಹೆಚ್ಚಿದೆ. ಎಲ್ಲರೂ ಕ್ಯಾನ್ಸಲ್ ಮಾಡುವುದು ಕೊನೆಗೇ. ಚಾರ್ಟ್ ಮಾಡುವಾಗ ಬಳಕೆಯಾಗದೆ ಉಳಿದ ಬೇರೆ ಕೋಟಾದ ಬರ್ತ್‌ಗಳನ್ನೂ ವೇಟಿಂಗ್‌ನವರಿಗೆ ಬಿಡುತ್ತಾರೆ. ಆ್ಯಪ್ ಈ ಟಿಕೆಟ್‌ಗೆ ಮೊದಲ ದಿನವೇ ಶೇಕಡಾ 80ರ ಮೇಲೆ ಕೊಟ್ಟಿತ್ತು. ಸರಿಯಾಗಿಯೇ ಹೇಳಿತು.

ಎರಡನೆಯದು ನಮ್ಮ ಅತ್ತೆಯದು. ದೀಪಾವಳಿ ಮುಗಿಸಿ ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್, ಮಧ್ಯದ ಒಂದು ಊರಿನಿಂದ. ಕೌಂಟರ್ ಟಿಕೆಟ್, ಇಬ್ಬರದು. ಫೋಟೊ ತೆಗೆಯುವಾಗ ಹೆಬ್ಬೆರಳು ಆ ನಾಲ್ಕು ಅಕ್ಷರದ ಮೇಲಿತ್ತು. ಆ್ಯಪ್ ಅದನ್ನು ಸಾಮಾನ್ಯ ವೇಟಿಂಗ್ ಎಂದುಕೊಂಡು, 9ನೇ ನಂಬರ್ ನೋಡಿ ಶೇಕಡಾ 71 ಎಂದಿತು. ನಿಜವಾಗಿ ಅದು PQWL. ಹಬ್ಬ ಮುಗಿದ ಭಾನುವಾರ ರಾತ್ರಿ ಯಾರು ಕ್ಯಾನ್ಸಲ್ ಮಾಡುತ್ತಾರೆ? ಸೋಮವಾರ ಎಲ್ಲರಿಗೂ ಕೆಲಸ. ಮೂರು ವಾರದಲ್ಲಿ 9 ಇದ್ದದ್ದು 7 ಆಯಿತು, ಚಾರ್ಟ್‌ನಲ್ಲಿ 6ಕ್ಕೆ ನಿಂತಿತು.

ಟಿಕೆಟ್ ಆಗಲಿಲ್ಲ ಎನ್ನುವುದಕ್ಕಿಂತ ಆಮೇಲೆ ಆದದ್ದು ನನಗೆ ಹೆಚ್ಚು ನೋವು ಕೊಟ್ಟಿತು. "ಕನ್ಫರ್ಮ್ ಆಗಿಲ್ಲ, ಹಣ ತಾನಾಗಿಯೇ ವಾಪಸ್ ಬರುತ್ತದೆ" ಎಂದು ಆ್ಯಪ್ ತೋರಿಸಿತು. ಅದು ಆನ್‌ಲೈನ್ ಟಿಕೆಟ್‌ಗೆ ಮಾತ್ರ ನಿಜ. ಆನ್‌ಲೈನ್‌ನಲ್ಲಿ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ ಟಿಕೆಟ್ ತಾನೇ ರದ್ದಾಗಿ ಹಣ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ ಹಾಗಲ್ಲ. ಗಾಡಿ ಹೊರಡುವ 30 ನಿಮಿಷ ಮೊದಲೇ ನಾವೇ ಕ್ಯಾನ್ಸಲ್ ಮಾಡಿಸಬೇಕು. ಸ್ಲೀಪರ್‌ಗೆ ತಲಾ 60 ರೂಪಾಯಿ ಹಿಡಿದು ಉಳಿದದ್ದು ಕೊಡುತ್ತಾರೆ. ಅತ್ತೆ ಆ್ಯಪ್ ಮಾತು ನಂಬಿ ಬಸ್ಸಿಗೆ ಹೋದರು. ಪೂರ್ತಿ ಹಣ ಹೋಯಿತು. ಫೋಟೊ ನೋಡಿದರೇ ಅದು ಕೌಂಟರ್ ಕಾಗದ ಎಂದು ಗೊತ್ತಾಗುತ್ತದೆ. ಅಷ್ಟು ಓದುವ ಆ್ಯಪ್‌ಗೆ ಇದನ್ನು ಗುರುತಿಸಿ ಎಚ್ಚರಿಸುವುದು ಕಷ್ಟವಾಗಬಾರದು. ಆ್ಯಪ್‌ನವರಿಗೆ ಬರೆದೆ, ಉತ್ತರ ಬಂದಿಲ್ಲ.

ನನ್ನ ಇನ್ನೊಂದು ದೂರು "ಕನ್ಫರ್ಮ್" ಎಂಬ ಪದದ ಬಗ್ಗೆ. ವೇಟಿಂಗ್‌ನಿಂದ ಹೊರಬಂದವರು ಸಾಮಾನ್ಯವಾಗಿ ಮೊದಲು ಸೇರುವುದು ಆರ್‌ಎಸಿಗೆ. ಅಲ್ಲಿ ಒಂದು ಸೈಡ್ ಲೋವರ್ ಬರ್ತ್‌ನಲ್ಲಿ ಇಬ್ಬರು ಕೂರಬೇಕು. ಅಲ್ಲಿಂದ ಮೇಲೆ ಹೋದರೆ ಪೂರ್ತಿ ಬರ್ತ್. ನಾನು ಗಮನಿಸಿದಂತೆ ಆ್ಯಪ್‌ನ ಶೇಕಡಾ ಆರ್‌ಎಸಿಯನ್ನೂ ಸೇರಿಸಿಯೇ ಹೇಳುತ್ತದೆ. ಇಪ್ಪತ್ತೈದು ವಯಸ್ಸಿನವರಿಗೆ ಪರವಾಗಿಲ್ಲ. ಮಂಡಿ ನೋವಿರುವ ಎಪ್ಪತ್ತರ ಅಜ್ಜಿ ರಾತ್ರಿಯಿಡೀ ಕೂತು ಹೋಗುವುದು ಬೇರೆ ಮಾತು. ಹಿರಿಯರ ಟಿಕೆಟ್ ಆದರೆ ನಾನು ಆ್ಯಪ್ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕಡಿಮೆಯೇ ಹೇಳುತ್ತೇನೆ.

ಈಗೀಗ ಅನುಕೂಲವಾಗಿರುವುದು ಚಾರ್ಟ್ ಸಮಯ. ಮೊದಲು ಗಾಡಿ ಹೊರಡುವ 4 ಗಂಟೆ ಮುಂಚೆ ಗೊತ್ತಾಗುತ್ತಿತ್ತು. 2025ರಿಂದ ಅದನ್ನು ಎಂಟು ಗಂಟೆ, ಅದಕ್ಕೂ ಹಿಂದಕ್ಕೆ ತಂದಿದ್ದಾರೆ. ಬೆಳಗಿನ ಗಾಡಿಗಳಿಗೆ ಹಿಂದಿನ ರಾತ್ರಿಯೇ ತಿಳಿಯುತ್ತದೆ. ಬಸ್ ಬುಕ್ ಮಾಡಲು, ಕೌಂಟರ್‌ಗೆ ಹೋಗಿ ಕ್ಯಾನ್ಸಲ್ ಮಾಡಿಸಲು ಸಮಯ ಸಿಗುತ್ತದೆ. ಆದರೆ ಆ್ಯಪ್‌ನ ಎಚ್ಚರಿಕೆ ಗಂಟೆ ಇನ್ನೂ ಹಳೆಯ 4 ಗಂಟೆಗೇ ಬಾರಿಸುತ್ತದೆ. ಚಾರ್ಟ್ ಆದದ್ದನ್ನು ನಾನೇ ನೋಡಿಕೊಳ್ಳುತ್ತೇನೆ.

5ಕ್ಕೆ 3 ಕೊಡುತ್ತೇನೆ. ಪಿಎನ್‌ಆರ್ ಓದಿ ಈಗಿನ ಸ್ಥಿತಿ ತರುವುದಕ್ಕೆ ಇದು ನಿಜಕ್ಕೂ ಒಳ್ಳೆಯದು, ದಿನಾ ಬಳಸುತ್ತೇನೆ. ಹಬ್ಬವಿಲ್ಲದ ದಿನದ GNWL ಆದರೆ ಅದರ ಶೇಕಡಾವನ್ನೂ ನಂಬುತ್ತೇನೆ. PQWL, RLWL ಆದರೆ ಶೇಕಡಾ ನೋಡುವುದನ್ನೇ ಬಿಟ್ಟಿದ್ದೇನೆ. ಆಗ ವಾರಕ್ಕೊಮ್ಮೆ ನಂಬರ್ ಬರೆದಿಡುತ್ತೇನೆ. ಎರಡು ವಾರದಲ್ಲಿ ಅಲ್ಲಾಡದಿದ್ದರೆ ಬಸ್ ಟಿಕೆಟ್ ತೆಗೆಸಿಬಿಡುತ್ತೇನೆ.

ಮನೆಯವರಿಗೆ ಈಗ ಹೇಳಿರುವುದಿಷ್ಟು. ಟಿಕೆಟ್ ಅನ್ನು ಮೇಜಿನ ಮೇಲೆ ಬಿಡಿಸಿಟ್ಟು, ನಾಲ್ಕೂ ಮೂಲೆ ಕಾಣುವಂತೆ, ಫ್ಲ್ಯಾಶ್ ಹಾಕದೆ ಫೋಟೊ ತೆಗೆಯಿರಿ. ಬೆರಳು ದೂರ ಇರಲಿ. ಅದನ್ನು ನನಗೊಬ್ಬಳಿಗೇ ಕಳಿಸಿ, ಮನೆ ಗ್ರೂಪ್‌ಗೆ ಹಾಕಬೇಡಿ, ಪಿಎನ್‌ಆರ್ ಇದ್ದರೆ ನೀವು ಯಾವತ್ತು ಊರಲ್ಲಿರುವುದಿಲ್ಲ ಎಂದು ಯಾರು ಬೇಕಾದರೂ ನೋಡಬಹುದು. ಅತ್ತೆ ಮೊನ್ನೆ ಕಳಿಸಿದ ಫೋಟೊದಲ್ಲಿ ನಾಲ್ಕು ಅಕ್ಷರವೂ ಸ್ಪಷ್ಟವಾಗಿತ್ತು. RLWL 14. ಅವತ್ತೇ ಬಸ್ಸಿನಲ್ಲಿ ಎರಡು ಸೀಟು ಹಿಡಿದೆವು. ಕೌಂಟರ್ ಟಿಕೆಟ್ ಅನ್ನು ಮರುದಿನವೇ ಹೋಗಿ ಕ್ಯಾನ್ಸಲ್ ಮಾಡಿಸಿಕೊಂಡು ಬಂದರು.