ಅರ್ಧ ಚಾರ್ಜ್‌ನಲ್ಲೇ ಆರುವ ಲ್ಯಾಪ್‌ಟಾಪ್: ಹೊಸ ಬ್ಯಾಟರಿಯೋ, ಕ್ಯಾಲಿಬ್ರೇಷನ್ನೋ?

ತಂಗಿಯ ಲ್ಯಾಪ್‌ಟಾಪ್‌ಗೆ 2,400 ರೂಪಾಯಿ ಕೊಟ್ಟು ಹಾಕಿಸಿದ ಬ್ಯಾಟರಿ ಈಗ ನಮ್ಮ ಕಪಾಟಿನಲ್ಲಿದೆ. ಹಳೆಯ ಬ್ಯಾಟರಿಯೇ ಮತ್ತೆ ಒಳಗೆ ಕುಳಿತು ಚೆನ್ನಾಗಿ ನಡೆಯುತ್ತಿದೆ. ಆದ್ದರಿಂದ ನನ್ನ ಒಲವು ಯಾವ ಕಡೆಗೆಂದು ಮೊದಲೇ ಹೇಳುತ್ತೇನೆ: ಹಣ ಬಿಚ್ಚುವ ಮುನ್ನ ಒಂದು ದಿನ ಕ್ಯಾಲಿಬ್ರೇಷನ್‌ಗೆ, ಅಂದರೆ ಬ್ಯಾಟರಿಯ ಶೇಕಡಾ ಲೆಕ್ಕವನ್ನು ಸರಿಪಡಿಸುವ ಕೆಲಸಕ್ಕೆ, ಕೊಡಿ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಎರಡೂ ಲ್ಯಾಪ್‌ಟಾಪ್‌ಗಳು ಒಂದೇ ರೋಗ ತೋರಿಸಿದವು. ಸೋಮವಾರಪೇಟೆಯ ಕಡೆ ಜುಲೈನಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ತೋಟದ ಲೆಕ್ಕವೆಲ್ಲ ಬ್ಯಾಟರಿಯ ಮೇಲೆಯೇ ನಡೆಯಬೇಕು. ತಂಗಿಯದು 38 ಶೇಕಡಾದಿಂದ ಒಮ್ಮೆಲೇ 6ಕ್ಕೆ ಇಳಿಯುತ್ತಿತ್ತು. ನನ್ನದು 50ರ ಆಸುಪಾಸಿನಲ್ಲಿ ಎಚ್ಚರಿಕೆಯನ್ನೂ ಕೊಡದೆ ಆರಿಹೋಗುತ್ತಿತ್ತು. ಅಂಗಡಿಯವರು ಎರಡಕ್ಕೂ ಹೊಸ ಬ್ಯಾಟರಿ ಬೇಕೆಂದರು. ನಾನು ತಂಗಿಯದನ್ನು ಮೊದಲು ಬದಲಿಸಿದೆ. ತಪ್ಪಾದದ್ದು ಅಲ್ಲಿಯೇ.

ಎರಡು ಲ್ಯಾಪ್‌ಟಾಪ್‌ಗಳ ರೋಗದ ವ್ಯತ್ಯಾಸ ತಿಳಿಯಲು ಆರಿದ ಮೇಲೆ ಚಾರ್ಜರ್ ಹಾಕದೆ ಮತ್ತೆ ಆನ್ ಮಾಡಿ ನೋಡಬೇಕು. ಹಳೆಯ ಬ್ಯಾಟರಿಯನ್ನೇ ಮತ್ತೆ ಹಾಕಿ ನೋಡಿದಾಗ ತಂಗಿಯದು ಪೂರ್ತಿ ಆರಿದ ಮೇಲೆ ಆನ್ ಆಗಲೇ ಇಲ್ಲ, ಅಂದರೆ ಬ್ಯಾಟರಿ ನಿಜಕ್ಕೂ ಬರಿದಾಗಿತ್ತು. 38 ಎಂಬ ಅಂಕಿಯೇ ಸುಳ್ಳು. ನನ್ನದು ಆನ್ ಆಗಿ 47 ತೋರಿಸಿತು, ಬರೀ ಲೆಕ್ಕದ ಹಾಳೆ ತೆರೆದಿಟ್ಟರೆ ಇನ್ನೂ ಇಪ್ಪತ್ತು ನಿಮಿಷ ನಡೆಯಿತು, ವಿಡಿಯೊ ಕರೆ ಶುರು ಮಾಡಿದೊಡನೆ ಮತ್ತೆ ಆರಿತು. ಅಲ್ಲಿ ಚಾರ್ಜ್ ಇತ್ತು, ಹೊರಗೆ ಕೊಡುವ ಶಕ್ತಿ ಇರಲಿಲ್ಲ. ಸವೆದ ಸೆಲ್‌ನ ಒಳಗಿನ ಪ್ರತಿರೋಧ ಏರಿರುತ್ತದೆ. ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ಕನಿಷ್ಠ ಮಟ್ಟ ಮುಟ್ಟಿದ ಕ್ಷಣ ರಕ್ಷಣಾ ಸರ್ಕ್ಯೂಟ್ ಕಡಿದುಬಿಡುತ್ತದೆ. ಚಳಿಯಲ್ಲಿ ಪ್ರತಿರೋಧ ಇನ್ನೂ ಹೆಚ್ಚುವುದರಿಂದ ಮಳೆಗಾಲದ ಬೆಳಗ್ಗೆಗಳಲ್ಲಿ ನನ್ನದು ಬೇಗ ಆರುತ್ತಿತ್ತು.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹಾಕಿ, ಸಿಗುವ ಕಡತವನ್ನು ಬ್ರೌಸರ್‌ನಲ್ಲಿ ತೆರೆದೆ:

```
powercfg /batteryreport
```

ತಂಗಿಯದರಲ್ಲಿ ಹೊಸದಿದ್ದಾಗಿನ ಸಾಮರ್ಥ್ಯ, DESIGN CAPACITY, 42,000 mWh; ಈಗ ಪೂರ್ತಿ ತುಂಬಿದರೆ ಸಿಗುವುದು, FULL CHARGE CAPACITY, 41,000. ಮೂರು ವರ್ಷ ಚಾರ್ಜರ್‌ಗೆ ಅಂಟಿಕೊಂಡೇ ಇದ್ದ ಬ್ಯಾಟರಿ ಇಷ್ಟು ಹೊಸದಾಗಿ ಉಳಿಯುವುದು ತೀರಾ ಅಪರೂಪ. ಬ್ಯಾಟರಿಯೊಳಗಿನ ಚಿಪ್ ಬಂದ, ಹೋದ ವಿದ್ಯುತ್ತನ್ನು ಎಣಿಸಿ ಶೇಕಡಾ ಹೇಳುತ್ತದೆ. ಎಂದೂ ಪೂರ್ತಿ ಖಾಲಿಯಾಗದಿದ್ದರೆ ತಳ ಎಲ್ಲಿದೆಯೆಂದು ಅದಕ್ಕೆ ತಿಳಿಯುವುದಿಲ್ಲ, ಹಳೆಯ ಲೆಕ್ಕವನ್ನೇ ಹಿಡಿದಿರುತ್ತದೆ. ಕೊನೆಯಲ್ಲಿ ವೋಲ್ಟೇಜ್ ಇಳಿದಾಗ ತಪ್ಪು ಅರಿವಾಗಿ ಅಂಕಿ ಧುಮುಕುತ್ತದೆ. ನನ್ನದರಲ್ಲಿ 48,000ಕ್ಕೆ 29,500. ಸವೆದದ್ದನ್ನು ಚಿಪ್ ಸರಿಯಾಗಿಯೇ ಹೇಳುತ್ತಿತ್ತು.

ಕ್ಯಾಲಿಬ್ರೇಷನ್‌ನ ಕ್ರಮ ಸುಲಭ. ಚಾರ್ಜ್ 80ಕ್ಕೆ ನಿಲ್ಲುವ ಮಿತಿ ಹಾಕಿದ್ದರೆ ತೆಗೆದು ನೂರು ತುಂಬಿಸಿ, ಎರಡು ಗಂಟೆ ಚಾರ್ಜರ್‌ನಲ್ಲೇ ಬಿಡಿ. ಸ್ಲೀಪ್ ಆಗದಂತೆ ಮಾಡಿ, ಚಾರ್ಜರ್ ಕಿತ್ತು, ತಾನಾಗಿ ಆರುವವರೆಗೆ ಹಗುರ ಕೆಲಸದಲ್ಲಿ ಓಡಿಸಿ. ಮೂರು ನಾಲ್ಕು ಗಂಟೆ ಹಾಗೇ ಇಟ್ಟು ಮತ್ತೆ ನೂರು ತುಂಬಿಸಿ.

ತೊಂದರೆಯಿರುವುದು ನಡುವಿನ ಹಂತದಲ್ಲಿ. ತುಂಬಿದಲ್ಲಿಂದ ಬರಿದಾಗುವವರೆಗೆ ಒಂದೇ ಓಟದಲ್ಲಿ ಇಳಿದರೆ ಮಾತ್ರ ಚಿಪ್ ಹೊಸ ಲೆಕ್ಕ ಕಲಿಯುತ್ತದೆ. ಮೊದಲ ದಿನ ನೂರು ತುಂಬುವ ಮುನ್ನವೇ ಕರೆಂಟ್ ಹೋಯಿತು. ಎರಡನೆಯ ದಿನ 31ಕ್ಕೆ ಬಂದಿದ್ದಾಗ, ನಾನು ಕಾಫಿಗೆ ಎದ್ದ ಹೊತ್ತಿನಲ್ಲಿ, ಕರೆಂಟ್ ಇರುವಾಗಲೇ ತುಂಬಿಸಿಕೊಳ್ಳಲಿ ಎಂದು ಅಮ್ಮ ಪ್ರೀತಿಯಿಂದ ಪ್ಲಗ್ ಹಾಕಿಬಿಟ್ಟಿದ್ದರು. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೇ ಅಭ್ಯಾಸ. ಮತ್ತೆ ಮೊದಲಿನಿಂದ ಶುರು. ಮೂರನೆಯ ದಿನ ಚಾರ್ಜರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೆಲಸ ಮುಗಿಸಿದೆ.

ಆಮೇಲೆ ವರದಿಯಲ್ಲಿ 41,000 ಇದ್ದದ್ದು 27,000ಕ್ಕೆ ಇಳಿದಿತ್ತು. ಬ್ಯಾಟರಿ ಹಾಳಾಯಿತೆಂದು ತಂಗಿ ಹೆದರಿದಳು. ಕ್ಯಾಲಿಬ್ರೇಷನ್ ಒಂದು ಹನಿ ಚಾರ್ಜನ್ನೂ ಹೆಚ್ಚಿಸುವುದಿಲ್ಲ, ಇರುವುದನ್ನು ನಿಜವಾಗಿ ತೋರಿಸುತ್ತದೆ ಅಷ್ಟೆ. ಈಗ 38 ಅಂದರೆ 38. ಹಗುರ ಕೆಲಸಕ್ಕೆ ಮೂರು ಗಂಟೆ ಸಿಗುತ್ತದೆ, ಅವಳ ಪಾಠಕ್ಕೆ ಅಷ್ಟು ಸಾಕು.

ನನ್ನದಕ್ಕೂ ಎರಡು ಬಾರಿ ಮಾಡಿದೆ. ಏನೂ ಬದಲಾಗಲಿಲ್ಲ.

2,400ರ ಬ್ಯಾಟರಿಯ ಬಗ್ಗೆ ಹೇಳುವುದು ಸ್ವಲ್ಪವೇ: ಮೊದಲ ತಿಂಗಳಲ್ಲೇ ಅದರ ಅಂಕಿಯೂ 60ರಿಂದ 22ಕ್ಕೆ ಜಿಗಿಯಿತು. ನನ್ನದಕ್ಕೆ ಮೈಸೂರಿಗೆ ಹೋಗಿ 5,800 ರೂಪಾಯಿಗೆ ಅಸಲಿ ಬ್ಯಾಟರಿ ಹಾಕಿಸಿದೆ. ದಿನವೂ ವಿಡಿಯೊ ಕರೆ ಇರುವ ನನಗೆ ಆ ಖರ್ಚು ತೂಗಿತು.

ಬ್ಯಾಟರಿ ಊದಿ ಟಚ್‌ಪ್ಯಾಡ್ ಉಬ್ಬಿದ್ದರೆ, ಇಲ್ಲವೇ ಮುಚ್ಚಳ ಸರಿಯಾಗಿ ಕೂರದಿದ್ದರೆ ಕ್ಯಾಲಿಬ್ರೇಷನ್‌ಗೆ ಕೈ ಹಾಕಲೇಬೇಡಿ, ಆ ಬ್ಯಾಟರಿಯನ್ನು ತೆಗೆಸಿಬಿಡಿ. ಪದೇ ಪದೇ ಬರಿದು ಮಾಡುವುದೂ ಸವೆತವೇ, ಆದ್ದರಿಂದ ತಂಗಿಯದಕ್ಕೆ ಇನ್ನು ವರ್ಷಕ್ಕೆ ಎರಡೇ ಸಲ: ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ.