ವೆನ್ ಚಿತ್ರವೋ, ಸೂತ್ರವೋ: ಮೂರು ಗಣಗಳ ಸಮೀಕ್ಷೆ ಲೆಕ್ಕಕ್ಕೆ ಯಾವುದು?

ತೀರ್ಥಹಳ್ಳಿ ಕಡೆಯ 100 ಬೆಳೆಗಾರರನ್ನು ಕೇಳಲಾಗಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಡಿಕೆ ಬೆಳೆಯುವವರು 70, ಕಾಳುಮೆಣಸು 45, ಕಾಫಿ 30. ಅಡಿಕೆ ಮತ್ತು ಮೆಣಸು 35, ಮೆಣಸು ಮತ್ತು ಕಾಫಿ 15, ಅಡಿಕೆ ಮತ್ತು ಕಾಫಿ 18. ಮೂರನ್ನೂ ಬೆಳೆಯುವವರು 10.

ಯಾವುದನ್ನೂ ಬೆಳೆಯದವರು ಎಷ್ಟೆಂದು ಮಾತ್ರ ಕೇಳಿದ್ದರೆ ಸೂತ್ರವೇ ಸಾಕು: 70+45+30−35−15−18+10 = 87, ಉಳಿದವರು 13.

ಆದರೆ ‘ಅಡಿಕೆ ಮಾತ್ರ’ ಎಂಬ ಪ್ರಶ್ನೆ ಬಂದರೆ ವೃತ್ತಗಳೇ ಅನುಕೂಲ. ನಡುವಿನಿಂದ ಆರಂಭಿಸಿ 10 ಬರೆಯಬೇಕು. ಅಡಿಕೆ–ಮೆಣಸಿನ 35ರಲ್ಲಿ ಆ 10 ಸೇರಿಯೇ ಇರುವುದರಿಂದ ಆ ಎರಡನ್ನು ಮಾತ್ರ ಬೆಳೆಯುವವರು 25. ಹಾಗೆಯೇ ಉಳಿದ ಜೋಡಿಗಳಿಗೆ 5 ಮತ್ತು 8. ಆಗ ಅಡಿಕೆ ಮಾತ್ರ 70−(10+25+8) = 27. ನಡುವಿನ 10ನ್ನು ಕಳೆಯದೆ ಜೋಡಿಯ ಜಾಗದಲ್ಲಿ 35ನ್ನೇ ಬರೆದುಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಪ್ರಶ್ನೆಯಲ್ಲಿ ‘ಎರಡನ್ನು ಮಾತ್ರ’ ಎಂದಿದ್ದರೆ ಮಾತ್ರ ಅದು ಸರಿ.

ನನ್ನ ಒಲವು ಚಿತ್ರದ ಕಡೆಗಿರುವುದಕ್ಕೆ ಇನ್ನೊಂದು ಕಾರಣವಿದೆ. ಕಾಫಿಯ 30ರ ಬದಲು 20 ಎಂದು ಅಚ್ಚಾಗಿದ್ದರೆ ಸೂತ್ರವು ಏನೂ ಆಗದಂತೆ 77 ಕೊಡುತ್ತದೆ; ಚಿತ್ರದಲ್ಲಾದರೋ ‘ಕಾಫಿ ಮಾತ್ರ’ ಎಂಬಲ್ಲಿ 20−23 = −3 ಬಂದು, ದತ್ತಾಂಶವೇ ತಪ್ಪೆಂದು ತಿಳಿಯುತ್ತದೆ.

ಏಲಕ್ಕಿಯೂ ಸೇರಿ ನಾಲ್ಕು ಗಣಗಳಾದರೆ ಹೊರಭಾಗವೂ ಸೇರಿ 16 ವಿಭಾಗಗಳು ಬೇಕು. ನಾಲ್ಕು ವೃತ್ತಗಳಿಂದ ಹೆಚ್ಚೆಂದರೆ 14 ಸಿಗುವುದರಿಂದ, ಅಲ್ಲಿ ಸೂತ್ರವನ್ನೇ ಹಿಡಿಯಬೇಕು.